ಐವತ್ತು ವರ್ಷದ ದಾಂಪತ್ಯಕ್ಕೆ ಮೊಮ್ಮಗಳ ಐದು ನಿಮಿಷ

ಮದುವೆಯಾಗಿ ಐವತ್ತು ವರ್ಷ ತುಂಬಿದ ದಂಪತಿಗೆ ಮಕ್ಕಳೆಲ್ಲ ಸೇರಿ ನಡೆಸುವ ಸಮಾರಂಭದಲ್ಲಿ ಮೊಮ್ಮಗಳೋ ಮೊಮ್ಮಗನೋ ಎದ್ದು ನಿಂತು ಎರಡು ಮಾತಾಡುವುದು ಈಚಿನ ರೂಢಿ. ಅರವತ್ತು ತುಂಬಿದಾಗಿನ ಷಷ್ಟ್ಯಬ್ದಿ, ಎಪ್ಪತ್ತರ ಭೀಮರಥ ಶಾಂತಿ, ಎಂಬತ್ತು ದಾಟಿದ ಮೇಲಿನ ಸಹಸ್ರ ಚಂದ್ರದರ್ಶನ ಇವೆಲ್ಲ ವಯಸ್ಸನ್ನು ಎಣಿಸುವ ಆಚರಣೆಗಳು. ಅಲ್ಲಿ ಯಾರು ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದಕ್ಕೆ ಹಿಂದಿನಿಂದ ಬಂದ ಕ್ರಮವಿದೆ. ದಾಂಪತ್ಯದ ವರ್ಷಗಳನ್ನು ಎಣಿಸುವ ಸುವರ್ಣ ವಾರ್ಷಿಕೋತ್ಸವಕ್ಕೆ ಅಂಥ ಕ್ರಮವಿಲ್ಲದ ಕಾರಣ ಮೊಮ್ಮಕ್ಕಳ ಮಾತಿಗೂ ಸಿದ್ಧ ಮಾದರಿಯಿಲ್ಲ. ಅನೇಕರು ಹುಟ್ಟುಹಬ್ಬದ ಶುಭಾಶಯವನ್ನೇ ಸ್ವಲ್ಪ ಹಿಗ್ಗಿಸಿ ಹೇಳಿ ಕೆಳಗಿಳಿಯುತ್ತಾರೆ. ಕೆಲವರು ತಾತನ ನೌಕರಿಯ ವಿವರವನ್ನು ಇಸವಿ ಸಮೇತ ಓದುತ್ತಾರೆ.

ಈ ಮಾತಿನ ನಿಜವಾದ ತೊಡಕು ಬೇರೆಯೇ ಇದೆ. ಐವತ್ತು ವರ್ಷಗಳಲ್ಲಿ ಮಾತಾಡುವವಳು ಕಂಡದ್ದು ಕೊನೆಯ ಇಪ್ಪತ್ತೋ ಇಪ್ಪತ್ತೈದೋ ವರ್ಷ. ಅದರಲ್ಲೂ ಮೊದಲ ಕೆಲವು ವರ್ಷ ನೆನಪಿನಲ್ಲಿ ಉಳಿದಿರುವುದಿಲ್ಲ, ಉಳಿದವು ಬಹುಪಾಲು ಬೇಸಿಗೆ ರಜೆಯ ದಿನಗಳು. ಮದುವೆ, ಮೊದಲ ಬಾಡಿಗೆ ಮನೆ, ಮಕ್ಕಳ ಬಾಲ್ಯ ಇವೆಲ್ಲ ಅವಳಿಗೆ ಕೇಳಿದ ಸಂಗತಿಗಳು ಮಾತ್ರ. ಕೇಳಿದ್ದನ್ನು ಕಂಡಂತೆ ಹೇಳಿದರೆ ಎದುರಿಗೆ ಕೂತ ಹಿರಿಯರಿಗೆ ಅದು ಕೂಡಲೇ ತಿಳಿಯುತ್ತದೆ. ಕಂಡದ್ದನ್ನಷ್ಟೇ ಹೇಳಿದರೆ ದಾಂಪತ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಬಿಟ್ಟುಹೋಗುತ್ತದೆ. ಕೇಳಿದ ಒಂದು ಸಂಗತಿಯನ್ನು ಕಂಡ ಒಂದು ಸಂಗತಿಗೆ ಜೋಡಿಸುವುದರಲ್ಲೇ ಇಂಥ ಭಾಷಣದ ಕಸುಬೆಲ್ಲ ಅಡಗಿದೆ.

ಸಾಮಗ್ರಿ ಕೂಡಿಸುವ ಕೆಲಸ ಒಂದೆರಡು ತಿಂಗಳು ಮೊದಲೇ ಶುರುವಾಗಬೇಕು. ಮನುಷ್ಯನ ನೆನಪು ಬದುಕಿನ ಎಲ್ಲ ವರ್ಷಗಳಿಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ ಎಂಬುದನ್ನು ಮನೋವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ವಯಸ್ಸಾದವರನ್ನು ಕೇಳಿದರೆ ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ಘಟನೆಗಳೇ ಹೆಚ್ಚಾಗಿ ಹೊರಬರುತ್ತವೆ. ಹಾಗಾಗಿ ಮದುವೆಯ ದಿನ ಯಾವ ಪಲ್ಯ ಬಡಿಸಿದ್ದರು ಎಂಬುದು ಅಜ್ಜಿಗೆ ನೆನಪಿರುತ್ತದೆ, ನಲವತ್ತೈದರ ಆಸುಪಾಸಿನ ವರ್ಷಗಳು ಒಂದರೊಳಗೊಂದು ಬೆರೆತುಹೋಗಿರುತ್ತವೆ. ಆ ನಡುವಿನ ಕಾಲಕ್ಕೆ ಸರಿಯಾದ ಸಾಕ್ಷಿಗಳು ಅವರ ಮಕ್ಕಳು, ಅಂದರೆ ಮೊಮ್ಮಗಳ ಅಪ್ಪ, ಅತ್ತೆ, ಚಿಕ್ಕಪ್ಪಂದಿರು. ಆಗ ಅವರೆಲ್ಲ ಶಾಲೆ ಕಾಲೇಜಿನಲ್ಲಿದ್ದ ವಯಸ್ಸು, ಮನೆಯಲ್ಲಿ ನಡೆದದ್ದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ತಾತ-ಅಜ್ಜಿಯನ್ನು ಮೊದಲು ಬೇರೆಬೇರೆಯಾಗಿ ಮಾತಾಡಿಸಿ, ಆಮೇಲೆ ಜೊತೆಯಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು. ಬಹುಕಾಲ ಒಟ್ಟಿಗೆ ಬಾಳಿದವರು ನೆನಪಿಡುವ ಕೆಲಸವನ್ನೂ ಹಂಚಿಕೊಂಡಿರುತ್ತಾರೆ. ಹಣದ ಲೆಕ್ಕ, ಇಸವಿ, ಊರು ಒಬ್ಬರ ಬಳಿ ಇದ್ದರೆ, ಯಾರು ಬಂದಿದ್ದರು, ಯಾರು ಮುನಿಸಿಕೊಂಡಿದ್ದರು ಎಂಬುದು ಇನ್ನೊಬ್ಬರ ಬಳಿ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1980ರ ದಶಕದಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಬೆಳೆಸಿದರು. ಜೊತೆಯಲ್ಲಿ ಕೂತಾಗ ಒಬ್ಬರ ಮಾತು ಇನ್ನೊಬ್ಬರ ನೆನಪನ್ನು ಎಬ್ಬಿಸುತ್ತದೆ. ಆದರೆ ಮೊದಲೇ ಜೊತೆಯಲ್ಲಿ ಕೂರಿಸಿದರೆ ಮಾತಿನಲ್ಲಿ ಮುಂದಿರುವವರ ಕತೆಯೇ ಇಬ್ಬರ ಕತೆಯೂ ಆಗಿಬಿಡುತ್ತದೆ.

‘ನಿಮಗೆ ಆಗ ಹೇಗನ್ನಿಸಿತು’ ಎಂಬ ಪ್ರಶ್ನೆಗೆ ಆ ತಲೆಮಾರಿನವರು ‘ಏನನ್ನಿಸುತ್ತೆ, ಎಲ್ಲ ನಡೀತು’ ಎಂದು ಮುಗಿಸಿಬಿಡುತ್ತಾರೆ. ವಸ್ತುಗಳನ್ನು ಮುಂದಿಟ್ಟುಕೊಂಡು ಕೇಳಿದರೆ ಮಾತು ಬೆಳೆಯುತ್ತದೆ. ಟ್ರಂಕಿನ ತಳದಲ್ಲಿರುವ ಲಗ್ನಪತ್ರಿಕೆ, ಕಪ್ಪು-ಬಿಳುಪು ಫೋಟೊ, ಹಳೆಯ ರೇಷನ್ ಕಾರ್ಡು, ಇನ್‌ಲ್ಯಾಂಡ್ ಪತ್ರ ಇವನ್ನು ಕೈಗೆ ಕೊಟ್ಟು ‘ಇದು ಯಾವಾಗಿನದು’ ಎಂದರೆ ಸಾಕು. ತಾರೀಕನ್ನು ಖಚಿತ ಮಾಡಿಕೊಳ್ಳುವುದಕ್ಕೂ ಲಗ್ನಪತ್ರಿಕೆ ಬೇಕು. ಕೆಲವು ಮನೆಗಳಲ್ಲಿ ಮದುವೆಯ ದಿನವನ್ನು ತಿಥಿಯ ಪ್ರಕಾರ ನೆನಪಿಟ್ಟಿರುತ್ತಾರೆ, ಅದು ಪ್ರತಿವರ್ಷ ಬೇರೆ ತಾರೀಕಿಗೆ ಬೀಳುತ್ತದೆ. 1975ರ ಮೇ ನಡುವಿನಲ್ಲಿ ನಡೆದ ಮದುವೆಯ ಪತ್ರಿಕೆಯಲ್ಲಿ ರಾಕ್ಷಸ ನಾಮ ಸಂವತ್ಸರ, ವೈಶಾಖ ಮಾಸ ಎಂದಿರುತ್ತದೆ. 2025ರಲ್ಲಿ ಐವತ್ತು ತುಂಬಿದಾಗ ವಿಶ್ವಾವಸು ಸಂವತ್ಸರ.

ಹಾಗೆ 1975ರಲ್ಲಿ ಮದುವೆಯಾದ ಒಂದು ಜೋಡಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ತಾತ ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮದುವೆ ನಡೆದದ್ದು ಹೆಣ್ಣಿನ ಮನೆಯ ಮುಂದಿನ ಚಪ್ಪರದಲ್ಲಿ. ಮೊದಲ ಸಂಸಾರ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಸೀಮೆಎಣ್ಣೆ ಸ್ಟೌವಿನ ಮೇಲೆ. ಮೊಮ್ಮಗಳು ಕೇಳುತ್ತ ಹೋದಾಗ ನಡುಮನೆಯ ಮೂಲೆಯಲ್ಲಿರುವ ಕಾಲಿನಿಂದ ತುಳಿಯುವ ಹೊಲಿಗೆ ಮಿಷಿನ್ನಿನ ಮಾತು ಬರುತ್ತದೆ. ತಾತ ಹೇಳುವುದು: ‘ರೇಡಿಯೋ ತಗೊಳ್ಳೋಣ ಅಂತ ಕೂಡಿಟ್ಟಿದ್ದೆ, ನಿಮ್ಮಜ್ಜಿಗೆ ಮಿಷಿನ್ ಕೊಡಿಸಿದೆ.’ ಅಜ್ಜಿ ಹೇಳುವುದು: ‘ಅವರೆಲ್ಲಿ ಕೊಡಿಸಿದರು, ನಮ್ಮಮ್ಮ ಕೊಟ್ಟ ಬಳೆ ಮಾರಿ ತಂದಿದ್ದು.’ ಎರಡೂ ಕೂಡುವುದಿಲ್ಲ. ಅಜ್ಜಿಯ ತಂಗಿಯನ್ನು ಕೇಳಿದಾಗ ಗಂಟು ಬಿಚ್ಚಿಕೊಳ್ಳುತ್ತದೆ. ರೇಡಿಯೋದ ದುಡ್ಡು ಮುಂಗಡಕ್ಕೆ ಹೋಯಿತು, ಬಾಕಿ ಕಂತು ತೀರಿಸಲು ಬಳೆ ಹೋಯಿತು. ಆಮೇಲೆ ಅಜ್ಜಿ ಊರಿನವರ ರವಿಕೆ, ಲಂಗ ಹೊಲಿದು ಬಂದ ದುಡ್ಡಿನಲ್ಲಿ ಮೂರು ಮಕ್ಕಳ ಶಾಲೆಯ ಖರ್ಚು ತೂಗಿತು, ಎಷ್ಟೋ ವರ್ಷಗಳ ಮೇಲೆ ರೇಡಿಯೋ ಕೂಡ ಬಂತು.

ಇಬ್ಬರ ಹೇಳಿಕೆ ಬೇರೆಯಾದಾಗ ಒಂದನ್ನು ಆರಿಸಿ ಇನ್ನೊಂದನ್ನು ಕೈಬಿಡುವುದು ತಪ್ಪು. ಸಭೆಯಲ್ಲಿ ಎರಡನ್ನೂ ಹೇಳಿದರೆ ದಾಂಪತ್ಯ ಹೇಗಿತ್ತೆಂಬುದು ಅಷ್ಟರಿಂದಲೇ ಕಾಣುತ್ತದೆ. ಇದಕ್ಕೆ ಜೋಡಿಸಲು ಮೊಮ್ಮಗಳು ಕಣ್ಣಾರೆ ಕಂಡ ಒಂದು ಸಂಗತಿ ಬೇಕು. ಅಜ್ಜಿಯ ಕಣ್ಣು ಮಂದವಾದ ಮೇಲೆ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವರು ತಾತ. ಇವೆರಡನ್ನು ಹೊಲಿದರೆ ಭಾಷಣದ ನಡುಭಾಗ ಹೀಗಾಗುತ್ತದೆ:

‘ಈ ಮಿಷಿನ್ ಯಾರ ದುಡ್ಡಲ್ಲಿ ಬಂತು ಅಂತ ನಮ್ಮನೇಲಿ ಇವತ್ತಿಗೂ ತೀರ್ಮಾನ ಆಗಿಲ್ಲ. ತಾತ ರೇಡಿಯೋಗೆ ಕೂಡಿಟ್ಟ ದುಡ್ಡು ಕೊಟ್ಟರಂತೆ. ಅಜ್ಜಿ ಬಳೆ ಮಾರಿದರಂತೆ. ಅದನ್ನ ನಾನು ನೋಡಿಲ್ಲ. ನಾನು ನೋಡಿರೋದು ಇಷ್ಟು: ಮಧ್ಯಾಹ್ನ ಊಟ ಆದಮೇಲೆ ಅಜ್ಜಿ ಮಿಷಿನ್ ಮುಂದೆ ಕೂತು ಏನೂ ಮಾತಾಡದೆ ದಾರದ ತುದಿ ಹಿಡಿದು ಕೈ ಚಾಚ್ತಾರೆ. ತಾತ ಪೇಪರ್ ಮಡಿಸಿ ಇಟ್ಟು, ಕನ್ನಡಕ ಏರಿಸಿ, ದಾರದ ತುದಿ ಒದ್ದೆ ಮಾಡಿ, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಪೋಣಿಸಿ, ಮತ್ತೆ ಪೇಪರ್ ಬಿಡಿಸ್ತಾರೆ. ಅಷ್ಟರಲ್ಲಿ ಇಬ್ಬರೂ ಒಂದು ಮಾತೂ ಆಡಿರಲ್ಲ.’

ಕೇಳಿದ್ದಕ್ಕೆಲ್ಲ ‘ಅಂತೆ’ ಸೇರಿದೆ, ಕಂಡದ್ದಕ್ಕೆ ಸೇರಿಲ್ಲ. ಪ್ರೀತಿ, ಹೊಂದಾಣಿಕೆ, ಆದರ್ಶ ದಂಪತಿ ಎಂಬ ಮಾತುಗಳು ಎಲ್ಲೂ ಬಂದಿಲ್ಲ, ಬರುವ ಅಗತ್ಯವೂ ಕಾಣುವುದಿಲ್ಲ. ಮಡಿಸಿಟ್ಟ ಪೇಪರು, ಒದ್ದೆ ಮಾಡಿದ ದಾರ ಇವು ಆ ಮನೆಯವರಿಗಷ್ಟೇ ಸಲ್ಲುವ ವಿವರಗಳು. ಇನ್ನಾವ ದಂಪತಿಯ ಹೆಸರು ಹಾಕಿದರೂ ಒಪ್ಪುವಂಥ ವಾಕ್ಯ ಬರಹದಲ್ಲಿ ಉಳಿದಿದ್ದರೆ ಅದನ್ನು ತೆಗೆಯುವುದೇ ಸರಿ. ದೇಶದ ಚರಿತ್ರೆಗೂ ಇದೇ ಅಳತೆ. ಮದುವೆಯ ಮರುತಿಂಗಳೇ, 1975ರ ಜೂನ್ 25ರಂದು, ತುರ್ತು ಪರಿಸ್ಥಿತಿ ಘೋಷಣೆಯಾಯಿತು ಎಂದು ಸೇರಿಸುವ ಆಸೆ ಬರುತ್ತದೆ. ಅದು ಆ ಒಂದು ಕೋಣೆಯ ಸಂಸಾರವನ್ನು ಮುಟ್ಟಿದ್ದರೆ ಸೇರಲಿ, ಮುಟ್ಟದಿದ್ದರೆ ಬಿಡಬಹುದು.

ಬರೆದಾದ ಮೇಲೆ ನೋಡಿಕೊಳ್ಳಲೇಬೇಕಾದ ಒಂದು ಸಂಗತಿಯಿದೆ. ತಾತನ ಬದುಕಿಗೆ ದಾಖಲೆಗಳಿರುತ್ತವೆ: ನೇಮಕದ ಆದೇಶ, ವರ್ಗಾವಣೆ, ನಿವೃತ್ತಿಯ ದಿನದ ಫೋಟೊ. ಅಜ್ಜಿಯ ಬದುಕಿಗೆ ಅಂಥ ಕಾಗದವಿಲ್ಲ. ಆದ್ದರಿಂದ ಬರೆಯುವವರಿಗೆ ಅರಿವಾಗದಂತೆಯೇ ಮಾತು ತಾತನ ಕಡೆ ವಾಲುತ್ತದೆ, ಅಜ್ಜಿ ‘ಎಲ್ಲದಕ್ಕೂ ಬೆನ್ನೆಲುಬಾಗಿ ನಿಂತರು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತಾರೆ. ಇದನ್ನು ಕಂಡುಹಿಡಿಯುವುದು ಸುಲಭ. ತಾತ ಏನಾದರೂ ಮಾಡಿದ ವಾಕ್ಯಗಳ ಕೆಳಗೆ ಗೆರೆ ಎಳೆದು, ಅಜ್ಜಿ ಮಾಡಿದ ವಾಕ್ಯಗಳಿಗೆ ಗುರುತು ಹಾಕಿ ನೋಡಿದರೆ ಸಾಕು. ಇದು ಬಹಳ ಮನೆಗಳಲ್ಲಿ ಆಗುವ ಅನ್ಯಾಯ, ಐವತ್ತನೇ ವರ್ಷದಲ್ಲಾದರೂ ಸರಿಪಡಿಸಲೇಬೇಕಾದದ್ದು.

ಮುಟ್ಟಬಾರದ ವಿಷಯಗಳೂ ಇರುತ್ತವೆ, ಅವು ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ. ಎಳವೆಯಲ್ಲೇ ತೀರಿಕೊಂಡ ಮಗು, ಜಮೀನು ಭಾಗವಾದಾಗಿನ ಮನಸ್ತಾಪ, ಮದುವೆಯಲ್ಲಿ ನಡೆದ ಕೊಡು-ಕೊಳ್ಳುವ ಜಗಳ ತಮಾಷೆಯ ಕತೆಯೊಂದರ ಹಿಂದೆ ಅಡಗಿರಬಹುದು. ಬಳೆ ಮಾರಿದ ಮಾತನ್ನೇ ಅಜ್ಜಿಯ ತವರಿನವರು ಬೇರೆ ರೀತಿ ತೆಗೆದುಕೊಳ್ಳಬಹುದು. ನಡುವಿನ ತಲೆಮಾರಿನ ಒಬ್ಬರಿಗೆ, ಅತ್ತೆಗೋ ದೊಡ್ಡಪ್ಪನಿಗೋ, ಪೂರ್ತಿ ಬರಹವನ್ನು ಮುಂಚೆಯೇ ಓದಿ ಹೇಳುವುದು ಇದಕ್ಕಾಗಿ. ಕೇಳುತ್ತ ಅವರು ಎಲ್ಲಾದರೂ ಸುಮ್ಮನಾದರೆ ಆ ಜಾಗವನ್ನು ಬಿಟ್ಟುಬಿಡಬೇಕು. ಬಳೆಯ ಮಾತಿಗಂತೂ ಅಜ್ಜಿಯ ಒಪ್ಪಿಗೆಯನ್ನೇ ಕೇಳುವುದು ಲೇಸು.

ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಹಿರಿಯರಿರುವ ಸಭೆಯಲ್ಲಿ ಬಿಡಿಸಿ ಆಡುವ ಕನ್ನಡ ನಿಮಿಷಕ್ಕೆ ಸುಮಾರು ನೂರು ಪದ, ಅಂದರೆ ಬರಹ ಐನೂರು ಪದದ ಒಳಗಿರಬೇಕು. ಮಿಷಿನ್ನಿನಂಥ ಒಂದು ಕತೆ, ಅದಕ್ಕೆ ಮೊದಲು ಮದುವೆಯ ದಿನದ ಎರಡು ಮೂರು ವಾಕ್ಯ, ಆಮೇಲೆ ಅವರ ಈಗಿನ ದಿನಚರಿಯ ಒಂದಿಷ್ಟು ಮಾತು ಇಷ್ಟರಲ್ಲೇ ಅವಧಿ ತುಂಬುತ್ತದೆ. ಭಾಷಣದ ಉದ್ದಕ್ಕೂ ಸಭೆಗೆ ‘ತಾತ ಹೀಗೆ ಮಾಡ್ತಾರೆ’ ಎಂದು ಹೇಳುತ್ತ ಹೋಗಿ, ಕೊನೆಯ ಎರಡು ವಾಕ್ಯಕ್ಕೆ ಅವರ ಕಡೆಗೇ ತಿರುಗುವುದು ಹಿತ. ಮನೆಯಲ್ಲಿ ಅಜ್ಜಿಯನ್ನು ‘ನೀನು’ ಎಂದು ಕರೆಯುವ ರೂಢಿಯಿದ್ದರೆ ಅಲ್ಲಿ ‘ನೀನು’ ಎಂದೇ ಇರಲಿ. ವಿದೇಶದಲ್ಲಿ ಬೆಳೆದ ಮೊಮ್ಮಕ್ಕಳು ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡು ಓದಿದರೂ ಅಡ್ಡಿಯಿಲ್ಲ. ಅಜ್ಜಿಗೆ ತಿಳಿಯದ ಇಂಗ್ಲಿಷಿನ ಐದು ನಿಮಿಷಕ್ಕಿಂತ ತೊದಲುವ ಕನ್ನಡದ ಎರಡು ನಿಮಿಷ ಮೇಲು.

ಇನ್ನು ನಿಲ್ಲುವ ಜಾಗ. ಕಲ್ಯಾಣ ಮಂಟಪದ ಸ್ಪೀಕರುಗಳು ಸಾಮಾನ್ಯವಾಗಿ ಸಭಿಕರ ಕಡೆ ಮುಖ ಮಾಡಿರುತ್ತವೆ, ವೇದಿಕೆಯ ಮೇಲೆ ಕೂತವರಿಗೆ ಬರೀ ಗದ್ದಲ ಕೇಳುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಇದರಿಂದ ಮಾತು ಕೇಳಿಸಿದರೂ ಸ, ಶ, ಫಗಳಂಥ ಅಕ್ಷರಗಳು ತಪ್ಪಿಹೋಗಿ ಪದ ಗುರುತಾಗುವುದಿಲ್ಲ. ಕಿರುಚಿದರೆ ಇದು ಸರಿಹೋಗದು. ಧ್ವನಿ ತಗ್ಗಿಸಿ, ನಿಧಾನಿಸಿ, ತುಟಿ ಅವರಿಗೆ ಕಾಣುವ ಹಾಗೆ ವೇದಿಕೆಯ ಒಂದು ಪಕ್ಕದಲ್ಲಿ ಓರೆಯಾಗಿ ನಿಲ್ಲಬೇಕು. ಹಾರ ಬದಲಾಯಿಸಿ ಆರತಿ ಆದ ಮೇಲೆ, ಉಡುಗೊರೆ ಕೊಡುವವರ ಸಾಲು ಶುರುವಾಗುವ ಮುಂಚೆ ಇದಕ್ಕೆ ತಕ್ಕ ಸಮಯ. ಒಮ್ಮೆ ಊಟಕ್ಕೆ ಎಲೆ ಹಾಕಿದರೆಂದರೆ ಸಭೆ ಕೈತಪ್ಪುತ್ತದೆ.

ಐದು ನಿಮಿಷದಲ್ಲಿ ಸೇರದೆ ಉಳಿದ ಸಾಮಗ್ರಿಯೇ ಹೆಚ್ಚಿರುತ್ತದೆ. ಅದನ್ನು ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬ ಗುರುತಿನೊಂದಿಗೆ ಟೈಪ್ ಮಾಡಿ, ಒಂದು ಪ್ರತಿಯನ್ನು ಲಗ್ನಪತ್ರಿಕೆಯ ಜೊತೆ ಇಟ್ಟು, ಇನ್ನೊಂದನ್ನು ಮಾಹಿತಿ ಕೊಟ್ಟ ಪ್ರತಿಯೊಬ್ಬರಿಗೂ ಕಳಿಸಬೇಕು. ಓದಿದ ಮೇಲೆ ಕೆಲವರು ಫೋನ್ ಮಾಡಿ ತಿದ್ದುತ್ತಾರೆ. ಆ ತಿದ್ದುಪಡಿಗಳನ್ನೂ ಅದೇ ಹಾಳೆಯ ಕೆಳಗೆ, ಹೇಳಿದವರ ಹೆಸರಿನೊಂದಿಗೆ ಬರೆದಿಡಬೇಕು.