ಪರದೆ ಇಲ್ಲ, ಕೀಲಿಮಣೆ ಇಲ್ಲ: ಪುಟ್ಟ ಕಂಪ್ಯೂಟರಿಗೆ ಲ್ಯಾಪ್‌ಟಾಪಿನಿಂದ ಲಾಗಿನ್

ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ ಎಂಬ ಕಂಪ್ಯೂಟರ್ 65 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲದ ಒಂದು ಹಸಿರು ಹಲಗೆ, ಅಷ್ಟೆ. 2021ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂತು. ಪ್ರೊಸೆಸರ್, 512 ಎಂಬಿ ಮೆಮೊರಿ, ವೈಫೈ ಎಲ್ಲವೂ ಆ ಒಂದೇ ಹಲಗೆಯ ಮೇಲಿವೆ. ತೋಟದ ಪಂಪ್‌ಶೆಡ್ಡಿನಲ್ಲಿ ತಾಪಮಾನ ಬರೆದಿಡುವುದಕ್ಕೆ, ತಾರಸಿಯ ಟ್ಯಾಂಕಿನ ನೀರಿನ ಮಟ್ಟ ನೋಡುವುದಕ್ಕೆ, ಮನೆಯ ಫೋಟೊಗಳನ್ನು ಒಂದೆಡೆ ಕೂಡಿಡುವುದಕ್ಕೆ ಇದು ಧಾರಾಳವಾಗಿ ಸಾಕು.

ತೊಡಕು ಇರುವುದು ಮೊದಲ ದಿನ. ಇದಕ್ಕೆ ಪರದೆ ಜೋಡಿಸಬೇಕೆಂದರೆ ಮಿನಿ ಎಚ್‌ಡಿಎಂಐ ಅಡಾಪ್ಟರ್ ಬೇಕು, ಕೀಲಿಮಣೆ ಜೋಡಿಸಲು ಮೈಕ್ರೊ ಯುಎಸ್‌ಬಿಯ ಇನ್ನೊಂದು ಅಡಾಪ್ಟರ್ ಬೇಕು, ಜೊತೆಗೆ ಮಾನಿಟರ್ ಅಂತೂ ಇರಲೇಬೇಕು. ಒಮ್ಮೆ ಸಿದ್ಧವಾದ ಮೇಲೆ ಪಂಪ್‌ಶೆಡ್ಡಿನಲ್ಲಿ ಕೂರುವ ಯಂತ್ರಕ್ಕೆ ಇವು ಯಾವುವೂ ಮತ್ತೆ ಬೇಕಾಗುವುದಿಲ್ಲ. ಒಂದು ಸಂಜೆಯ ಕೆಲಸಕ್ಕಾಗಿ ಅಷ್ಟು ಖರ್ಚು ಮಾಡುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಲ್ಯಾಪ್‌ಟಾಪ್ ಮತ್ತು ವೈಫೈ ಇದ್ದರೆ ಸಾಕು. ಬಳಕೆದಾರರ ನಡುವೆ ಇದಕ್ಕೆ ಹೆಡ್‌ಲೆಸ್ ಸೆಟಪ್ ಎನ್ನುತ್ತಾರೆ.

ಸಾಮಾನ್ಯವಾಗಿ ಕಂಪ್ಯೂಟರ್ ಮೊದಲ ಸಲ ಆನ್ ಆದಾಗ ಪರದೆಯ ಮೇಲೆ ಕೆಲವು ಪ್ರಶ್ನೆ ಕೇಳುತ್ತದೆ: ಬಳಕೆದಾರರ ಹೆಸರೇನು, ಪಾಸ್‌ವರ್ಡ್ ಏನು, ಯಾವ ವೈಫೈ, ಯಾವ ದೇಶ. ಪರದೆಯೇ ಇಲ್ಲದಿದ್ದರೆ ಕೇಳುವುದಾದರೂ ಯಾರನ್ನು? ಹಾಗಾಗಿ ಈ ಎಲ್ಲ ಉತ್ತರಗಳನ್ನೂ ಮೊದಲೇ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಬರೆದಿಡಬೇಕು. ಇಡೀ ವಿಧಾನದ ತಿರುಳು ಇದೇ.

ಇಲ್ಲೊಂದು ಎಚ್ಚರಿಕೆ. ಈ ವಿಷಯದ ಹಳೆಯ ವಿಡಿಯೊ, ಹಳೆಯ ಪುಸ್ತಕ ನೋಡಿಕೊಂಡು ಹೊರಟವರು ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. `pi` ಎಂಬ ಹೆಸರು, `raspberry` ಎಂಬ ಪಾಸ್‌ವರ್ಡ್ ಹಾಕಿ ಎಂದು ಅವು ಹೇಳುತ್ತವೆ. ಸುರಕ್ಷತೆಯ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ಆ ಸಿದ್ಧ ಖಾತೆಯನ್ನೇ ತೆಗೆದುಹಾಕಲಾಯಿತು. ಕಾರ್ಡಿಗೆ `wpa_supplicant.conf` ಎಂಬ ಫೈಲ್ ಹಾಕಿದರೆ ವೈಫೈ ಸಿಗುತ್ತದೆ ಎಂಬ ಉಪಾಯವೂ 2023ರ ಅಕ್ಟೋಬರಿನ ಬುಕ್‌ವರ್ಮ್ ಆವೃತ್ತಿಯಿಂದ ನಡೆಯುತ್ತಿಲ್ಲ. ಈಗ ಇರುವ ಸುಲಭ ದಾರಿ ಎಂದರೆ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ತಂತ್ರಾಂಶ.

ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, ಕಾರ್ಡನ್ನು ಕಾರ್ಡ್ ರೀಡರಿನಲ್ಲಿ ಸಿಕ್ಕಿಸಿ ತೆರೆಯಿರಿ. ಮೊದಲು ಹಲಗೆಯ ಮಾದರಿ, ಆಮೇಲೆ ಆಪರೇಟಿಂಗ್ ಸಿಸ್ಟಮ್, ಆಮೇಲೆ ಯಾವ ಕಾರ್ಡ್ ಎಂದು ಕೇಳುತ್ತದೆ. ಸಿಸ್ಟಮ್ ಆರಿಸುವಾಗ 64 ಬಿಟ್‌ನ ಲೈಟ್ ಆವೃತ್ತಿ ತೆಗೆದುಕೊಳ್ಳಿ. ಅದರಲ್ಲಿ ಚಿತ್ರಮಯ ಡೆಸ್ಕ್‌ಟಾಪ್ ಇರುವುದಿಲ್ಲ. ನೋಡಲು ಪರದೆಯೇ ಇಲ್ಲದ ಮೇಲೆ 512 ಎಂಬಿಯ ಯಂತ್ರದ ಮೇಲೆ ಆ ಭಾರ ಯಾಕೆ? ಕಾರ್ಡಿನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಮುಂದೆ ಬರುವ ಕಸ್ಟಮೈಸೇಷನ್ ಪುಟವೇ ಮುಖ್ಯ. ಉದಾಹರಣೆಗೆ ಯಂತ್ರದ ಹೆಸರು `tota`, ಬಳಕೆದಾರರ ಹೆಸರು `gowri` ಎಂದಿಟ್ಟುಕೊಳ್ಳೋಣ. ಯಂತ್ರದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಸಣ್ಣ ಅಡ್ಡಗೆರೆ ಮಾತ್ರ ಇರಬೇಕು. ಖಾಲಿ ಜಾಗ, ಅಂಡರ್‌ಸ್ಕೋರ್ ಕೂಡದು. ಒಂದು ಗಟ್ಟಿ ಪಾಸ್‌ವರ್ಡ್ ಕೊಡಿ. ವೈಫೈ ಹೆಸರು, ಅದರ ಪಾಸ್‌ವರ್ಡ್ ಎರಡನ್ನೂ ದೊಡ್ಡಕ್ಷರ, ಸಣ್ಣಕ್ಷರ ತಪ್ಪದಂತೆ ಬರೆಯಿರಿ. ದೇಶದ ಜಾಗದಲ್ಲಿ `IN` ಇರಲಿ. ಯಾವ ತರಂಗಾಂತರ ಬಳಸಬಹುದು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ, ದೇಶ ತಿಳಿಯುವ ತನಕ ಪೈ ತನ್ನ ವೈಫೈಯನ್ನು ಬೀಗ ಹಾಕಿಯೇ ಇಡಬಹುದು. ಕೊನೆಗೆ ಎಸ್‌ಎಸ್‌ಎಚ್ ಆನ್ ಮಾಡಿ, ಪಾಸ್‌ವರ್ಡಿನಿಂದ ಲಾಗಿನ್ ಎಂಬುದನ್ನು ಆರಿಸಿ.

ಎಸ್‌ಎಸ್‌ಎಚ್ ಎಂದರೆ ದೂರದ ಕಂಪ್ಯೂಟರಿಗೆ ಗುಪ್ತಲಿಪಿಯ ಮೂಲಕ ಲಾಗಿನ್ ಆಗುವ ವ್ಯವಸ್ಥೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದ್ದಾಗ, ಅಲ್ಲಿದ್ದ ತಾತು ಯುಲೋನೆನ್ 1995ರಲ್ಲಿ ಇದನ್ನು ರಚಿಸಿದರು. ಪೈನಲ್ಲಿ 2016ರ ನವೆಂಬರಿನಿಂದ ಇದು ತಾನಾಗಿ ಆನ್ ಇರುವುದಿಲ್ಲ. ಹೀಗಾಗಿ ಈ ಒಂದು ಗುರುತು ಹಾಕಲು ಮರೆತರೆ ಉಳಿದ ಶ್ರಮವೆಲ್ಲ ವ್ಯರ್ಥ.

ಬರೆದು ಮುಗಿದ ಮೇಲೆ ವಿಂಡೋಸ್ ಕೆಲವೊಮ್ಮೆ ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಲಿನಕ್ಸ್ ಬಳಸುವ ಭಾಗವನ್ನು ಅದು ಓದಲಾರದು, ಅದಕ್ಕೇ ಆ ಪ್ರಶ್ನೆ. ಬೇಡ ಎನ್ನಿ. ಕಾರ್ಡನ್ನು ಪೈಗೆ ಹಾಕಿ, ಅಂಚಿನಲ್ಲಿ `PWR IN` ಎಂದು ಬರೆದಿರುವ ಕಿಂಡಿಗೆ ಚಾರ್ಜರ್ ಜೋಡಿಸಿ. 5 ವೋಲ್ಟ್, 2.5 ಆಂಪಿಯರ್ ಕೊಡುವ ಚಾರ್ಜರ್ ಇರಲಿ. ಮೊದಲ ಸಲ ಪೈ ಕಾರ್ಡಿನ ಪೂರ್ತಿ ಜಾಗವನ್ನು ತನ್ನದಾಗಿಸಿಕೊಂಡು, ನೀವು ಬರೆದಿಟ್ಟ ಉತ್ತರಗಳನ್ನು ಓದಿ, ನಡುವೆ ತಾನೇ ರೀಸ್ಟಾರ್ಟ್ ಆಗುತ್ತದೆ. ಕೆಲವು ನಿಮಿಷ ಬೇಕು. ಏನೂ ಆಗುತ್ತಿಲ್ಲವೆಂದು ನಡುವೆ ವೈರ್ ಕಿತ್ತರೆ ಕಾರ್ಡಿನ ಬರಹ ಕೆಡಬಹುದು.

ಈಗ ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ತೆರೆಯಿರಿ, ವಿಂಡೋಸ್ ಆದರೆ ಪವರ್‌ಶೆಲ್. ಹೀಗೆ ಟೈಪ್ ಮಾಡಿ:

```
ssh gowri@tota.local
```

ಈ `.local` ಕೆಲಸ ಮಾಡುವ ರೀತಿ ಸರಳ. ತರಗತಿಯಲ್ಲಿ ಮೇಷ್ಟ್ರು ಹಾಜರಿ ಕೂಗಿದ ಹಾಗೆ ಲ್ಯಾಪ್‌ಟಾಪ್ ಇಡೀ ಮನೆಯ ಜಾಲಕ್ಕೆ `tota.local` ಯಾರೆಂದು ಕೇಳುತ್ತದೆ. ಆ ಹೆಸರಿನ ಯಂತ್ರವೇ ತನ್ನ ಐಪಿ ವಿಳಾಸ ಹೇಳುತ್ತದೆ. ಮೊದಲ ಸಲ ಈ ಯಂತ್ರವನ್ನು ನಂಬಬಹುದೇ ಎಂಬ ಪ್ರಶ್ನೆ ಬರುತ್ತದೆ. `yes` ಎಂದು ಪೂರ್ತಿ ಬರೆದು ಎಂಟರ್ ಒತ್ತಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿಯೂ ಕಾಣುವುದಿಲ್ಲ. ಹಲವರು ಕೀಲಿಮಣೆ ಕೆಟ್ಟಿತೆಂದು ಇಲ್ಲೇ ನಿಲ್ಲಿಸುತ್ತಾರೆ. ಟೈಪ್ ಮಾಡಿ ಎಂಟರ್ ಒತ್ತಿದರೆ `gowri@tota:~ $` ಎಂದು ಕಾಣುತ್ತದೆ. ಇನ್ನು ನೀವು ಬರೆಯುವ ಪ್ರತಿ ಆಜ್ಞೆಯೂ ಪೈ ಮೇಲೆ ನಡೆಯುತ್ತದೆ.

ಮೊದಲ ಯತ್ನದಲ್ಲೇ ಇಷ್ಟಾದರೆ ಸಂತೋಷ. ಆಗದಿದ್ದರೆ ಕಾರ್ಡನ್ನು ಮತ್ತೆ ಮತ್ತೆ ಬರೆಯುತ್ತ ಕೂರಬೇಡಿ, ತೆರೆಯ ಮೇಲೆ ಬಂದ ವಾಕ್ಯ ಓದಿ. ಎಲ್ಲಿಯ ತನಕ ತಲುಪಿದ್ದೀರಿ ಎಂಬುದನ್ನು ಅದು ಹೇಳುತ್ತದೆ.

`Could not resolve hostname` ಎಂದು ಬಂದರೆ ಹೆಸರಿಗೆ ಯಾರೂ ಓಗೊಡಲಿಲ್ಲ ಎಂದರ್ಥ. ರೂಟರಿನ ಪುಟ ತೆರೆದು, ಜೋಡಣೆಯಾದ ಯಂತ್ರಗಳ ಪಟ್ಟಿ ನೋಡಿ. ಅಲ್ಲಿ `tota` ಇದ್ದರೆ ಪೈ ಸರಿಯಿದೆ, ಹೆಸರು ಮಾತ್ರ ಹರಡುತ್ತಿಲ್ಲ. ಎದುರಿಗಿರುವ ಐಪಿ ವಿಳಾಸವನ್ನೇ ಹಾಕಿ, `ssh gowri@192.168.1.23` ಎಂಬಂತೆ. ಪಟ್ಟಿಯಲ್ಲೇ ಇಲ್ಲದಿದ್ದರೆ ಹಲಗೆಯ ಹಸಿರು ದೀಪ ನೋಡಿ. ದೀಪ ಹತ್ತುವುದೇ ಇಲ್ಲವಾದರೆ ಚಾರ್ಜರ್, ಕೇಬಲ್ ಅಥವಾ ಕಾರ್ಡಿನ ದೋಷ. 4 ಅಥವಾ 7 ಸಲ ಮಿನುಗಿ, ನಿಂತು, ಮತ್ತೆ ಅಷ್ಟೇ ಸಲ ಮಿನುಗುತ್ತಿದ್ದರೆ ಕಾರ್ಡಿನಲ್ಲಿ ಬೇಕಾದ ಫೈಲ್ ಸಿಗುತ್ತಿಲ್ಲ. ಆಗ ಮಾತ್ರ ಕಾರ್ಡನ್ನು ಮತ್ತೆ ಬರೆಯಬೇಕು.

ದೀಪ ಸರಿಯಿದ್ದೂ ಪಟ್ಟಿಯಲ್ಲಿ ಹೆಸರಿಲ್ಲವೇ? ನಮ್ಮ ಮನೆಗಳಲ್ಲಿ ಇದಕ್ಕೆ ಒಂದು ಕಾರಣ ಸದಾ ಎದುರಾಗುತ್ತದೆ. ರೂಟರಿನಲ್ಲಿ `Mane` ಮತ್ತು `Mane_5G` ಎಂದು ಎರಡು ವೈಫೈ ಹೆಸರುಗಳಿವೆ ಎನ್ನಿ. ಲ್ಯಾಪ್‌ಟಾಪ್ ಎರಡನೆಯದರಲ್ಲಿದೆ. ಇಮೇಜರ್ ಲ್ಯಾಪ್‌ಟಾಪಿನ ವೈಫೈ ಹೆಸರನ್ನೇ ತಾನಾಗಿ ತುಂಬಿಕೊಡುವುದುಂಟು. ನೀವು ಹೌದೆಂದು ಮುಂದೆ ಹೋದಿರಿ. ಆದರೆ ಝೀರೊ 2 ಡಬ್ಲ್ಯೂ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಬಲ್ಲದು, 5 ಗಿಗಾಹರ್ಟ್ಸ್‌ನ ಜಾಲ ಅದರ ಪಾಲಿಗೆ ಇಲ್ಲವೇ ಇಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಅದು ಎಂದೂ ಬಂದು ಸೇರುವುದಿಲ್ಲ. ಇಮೇಜರಿನಲ್ಲಿ `Mane` ಎಂದು ತಿದ್ದಿ ಬರೆದರೆ ಮುಗಿಯಿತು. ಎರಡೂ ಒಂದೇ ರೂಟರಿನವಾದ್ದರಿಂದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ತಾನಿದ್ದಲ್ಲೇ ಇರಬಹುದು. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರೂ ಅದನ್ನು 2.4 ಗಿಗಾಹರ್ಟ್ಸ್‌ಗೆ ಬದಲಿಸಿಕೊಳ್ಳಬೇಕು.

`Connection timed out` ಬಂದರೆ ವಿಳಾಸವಿದೆ, ಉತ್ತರವಿಲ್ಲ. ಐಪಿ ಬದಲಾಗಿರಬಹುದು. ಹಾಸ್ಟೆಲ್, ಕಚೇರಿ, ಗೆಸ್ಟ್ ವೈಫೈಗಳಲ್ಲಾದರೆ ಒಂದು ಯಂತ್ರ ಇನ್ನೊಂದರ ಜೊತೆ ಮಾತಾಡದಂತೆ ತಡೆ ಹಾಕಿರುವುದು ಸಾಮಾನ್ಯ. ಅಲ್ಲಿ ಎಷ್ಟು ಹೆಣಗಿದರೂ ಆಗದು, ಸ್ವಂತ ಹಾಟ್‌ಸ್ಪಾಟ್ ಒಳ್ಳೆಯದು. `Connection refused` ನಿಜಕ್ಕೂ ಒಳ್ಳೆಯ ಸುದ್ದಿ. ಪೈ ಜಾಲಕ್ಕೆ ಬಂದಾಗಿದೆ, ಎಸ್‌ಎಸ್‌ಎಚ್ ಇನ್ನೂ ಎದ್ದಿಲ್ಲ. ತುಸು ಕಾದು ನೋಡಿ. ಆಮೇಲೂ ಹಾಗೇ ಇದ್ದರೆ ಆ ಗುರುತು ಹಾಕಲು ಮರೆತಿದ್ದೀರಿ. `Permission denied` ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಬರೀ `ssh tota.local` ಎಂದು ಬರೆದರೆ ಲ್ಯಾಪ್‌ಟಾಪಿನ ಬಳಕೆದಾರರ ಹೆಸರೇ ಹೋಗುತ್ತದೆ, ಅಲ್ಲೇ ಎಡವಟ್ಟು.

ಕಾರ್ಡನ್ನು ಎರಡನೆಯ ಸಲ ಬರೆದವರಿಗೆ `REMOTE HOST IDENTIFICATION HAS CHANGED!` ಎಂಬ ಅಬ್ಬರದ ಎಚ್ಚರಿಕೆ ಕಾಣುತ್ತದೆ. ಹೊಸ ಸಿಸ್ಟಮ್ ಹೊಸ ಗುರುತಿನ ಕೀಲಿ ಮಾಡಿಕೊಂಡಿದೆ, ಲ್ಯಾಪ್‌ಟಾಪ್ ಹಳೆಯದನ್ನು ನೆನಪಿಟ್ಟಿದೆ. ಹಳೆಯದನ್ನು ಅಳಿಸಲು:

```
ssh-keygen -R tota.local
```

ಕಾರ್ಡನ್ನು ಮುಟ್ಟದೆಯೇ ಈ ಎಚ್ಚರಿಕೆ ಬಂದರೆ ಮಾತ್ರ ಅಲಕ್ಷಿಸಬೇಡಿ, ಅದೇ ಹೆಸರಿನಲ್ಲಿ ಬೇರೆ ಯಂತ್ರ ಉತ್ತರಿಸುತ್ತಿರಬಹುದು.

ಒಳಗೆ ಹೋದ ಮೇಲೆ `vcgencmd get_throttled` ಎಂದು ಒಮ್ಮೆ ಕೇಳಿ. `throttled=0x0` ಬಂದರೆ ವಿದ್ಯುತ್ ಸಾಕಾಗುತ್ತಿದೆ. `0x50005` ಎಂದು ಬಂದರೆ ವೋಲ್ಟೇಜ್ ಆ ಕ್ಷಣವೇ ಕುಸಿದಿದೆ, ಚಾರ್ಜರ್ ಅಥವಾ ಕೇಬಲ್ ಬದಲಿಸಿ. ಆರಿಸುವಾಗ `sudo poweroff` ಎಂದು ಬರೆದು, ದೀಪ ನಂದಿದ ಮೇಲೆ ವೈರ್ ತೆಗೆಯಿರಿ.

ಪಟ್ಟಣದಲ್ಲಿದ್ದು ತೋಟದ ಪೈಗೆ ಲಾಗಿನ್ ಆಗಬೇಕೆಂಬ ಆಸೆ ಬೇಗ ಹುಟ್ಟುತ್ತದೆ. `.local` ಹೆಸರು ಮನೆಯ ಜಾಲದಾಚೆ ನಡೆಯುವುದಿಲ್ಲ. ಅದಕ್ಕಾಗಿ ರೂಟರಿನ 22ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಆ ಪೋರ್ಟಿಗೆ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲು ರಾತ್ರಿ ಜಗತ್ತಿನ ಎಲ್ಲ ವಿಳಾಸಗಳನ್ನೂ ಜಾಲಾಡುತ್ತಿರುತ್ತವೆ. ರಾಸ್ಪ್‌ಬೆರಿ ಪೈ ಕನೆಕ್ಟ್ ಎಂಬ ಉಚಿತ ಸೇವೆಯನ್ನೋ ವೈರ್‌ಗಾರ್ಡ್‌ನಂಥ ವಿಪಿಎನ್ನನ್ನೋ ಬಳಸಿ.