ಬೆದರಿಕೆ ತೆಗೆದರೂ ಬಿಗಿ ಉಳಿಯುವ ಮೇಲ್

ಮಸಾಲೆ ಪುಡಿ ತಯಾರಿಸುವ ಸಣ್ಣ ಕಾರ್ಖಾನೆಯೊಂದಿದೆ ಎಂದುಕೊಳ್ಳಿ. ಅದಕ್ಕೆ ತಿಂಗಳಿಗೆ 8,000 ರಟ್ಟಿನ ಬಾಕ್ಸ್ ಬೇಕು. ಬಾಕ್ಸಿನ ದರ 32 ರೂಪಾಯಿ. ಮುಂದಿನ ತಿಂಗಳಿಂದ 36 ರೂಪಾಯಿ ಎಂದು ಸಪ್ಲೈಯರ್ ತಿಳಿಸಿದ್ದಾರೆ. ಹಿಂದಿನ ಮೂರು ಲೋಡುಗಳಲ್ಲಿ ಎರಡು ತಡವಾಗಿ ಬಂದು ಪ್ಯಾಕಿಂಗ್ ಕೆಲಸವೂ ನಿಂತಿತ್ತು. ಖರೀದಿ ವಿಭಾಗದವರು ಸಿಟ್ಟಿನಲ್ಲೇ ಮೇಲ್ ಬರೆಯುತ್ತಾರೆ:

“ನಿಮ್ಮ ಬೆಲೆ ಏರಿಕೆಯನ್ನು ಒಪ್ಪುವ ಪ್ರಶ್ನೆಯೇ ಇಲ್ಲ. ಮಾಲು ಹೊತ್ತಿಗೆ ಕೊಡಲಾಗದವರು ಬೆಲೆ ಏರಿಸುತ್ತೀರಾ? ನಿಮ್ಮಂಥವರು ಹತ್ತು ಜನ ಸಿಗುತ್ತಾರೆ. ನಾಳೆಯೊಳಗೆ ಹಳೆಯ ದರ ಒಪ್ಪದಿದ್ದರೆ ಆರ್ಡರ್ ರದ್ದು, ಬಾಕಿ ಹಣವೂ ಸಿಗದು.”

ಇಲ್ಲಿ ಅತಿ ಅಪಾಯದ್ದು ಕೊನೆಯ ಮಾತು. ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಕಿರು ಅಥವಾ ಸಣ್ಣ ತಯಾರಕರಾಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಹಣ ಪಾವತಿಗೆ 45 ದಿನ ಮೀರುವಂತಿಲ್ಲ. ಒಪ್ಪಂದದಲ್ಲಿ ದಿನ ನಿಗದಿಯಾಗದಿದ್ದರೆ ಗಡುವು 15 ದಿನವಷ್ಟೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ಕೊಡಬೇಕು. ಮಾಲಿನಲ್ಲಿ ದೋಷವಿದ್ದರೆ ತಲುಪಿದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪಿಸುವ ದಾರಿಯಿದೆ. ಆದರೆ ಮುಂದಿನ ತಿಂಗಳ ದರದ ಜಗಳಕ್ಕೆ ಹಿಂದಿನ ಬಿಲ್ಲನ್ನು ಒತ್ತೆ ಇಡುವುದು ಬೇರೆ ಮಾತು. ಅದನ್ನು ಮೇಲ್‌ನಲ್ಲಿ ಬರೆದವರು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಎದುರಾಳಿಯ ಕೈಗೆ ಕೊಟ್ಟಂತೆ.

“ಹತ್ತು ಜನ ಸಿಗುತ್ತಾರೆ” ಎಂಬುದೂ ಟೊಳ್ಳು. ನಮ್ಮ ಅಳತೆಗೆ ಡೈ ಮಾಡಿಸಿ, ಪ್ರಿಂಟಿಂಗ್ ಬ್ಲಾಕ್ ಕೊಟ್ಟು, ಸ್ಯಾಂಪಲ್ ಪಾಸ್ ಮಾಡಲು ಹೊಸಬರಿಗೆ ಎಷ್ಟು ಸಮಯ ಹಿಡಿಯುತ್ತದೆ ಎಂಬುದು ಹಳೆಯ ಸಪ್ಲೈಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಾಳೆಯ ಗಡುವನ್ನು ಅವರು ನಂಬುವುದಿಲ್ಲ.

ಮೇಲ್ ತಿದ್ದುವ ಮೊದಲು ಲೆಕ್ಕ ಹಾಕಬೇಕು. ಬೆಲೆ ಏರಿಕೆಗೆ ಕ್ರಾಫ್ಟ್ ಪೇಪರ್ ದುಬಾರಿಯಾದದ್ದೇ ಕಾರಣ ಎಂದು ಸಪ್ಲೈಯರ್ ಹೇಳುತ್ತಿದ್ದಾರೆ. 32 ರೂಪಾಯಿಯಲ್ಲಿ ಕಾಗದದ ಪಾಲು ಶೇ 60 ಎಂದು ಹಿಡಿದರೆ ಅದು ಸುಮಾರು 19 ರೂಪಾಯಿ. ಕಾಗದ ಶೇ 10 ಏರಿದ್ದರೆ ಬಾಕ್ಸಿಗೆ ಹೆಚ್ಚಬೇಕಾದದ್ದು 2 ರೂಪಾಯಿಯ ಆಸುಪಾಸು, 4 ಅಲ್ಲ. ಈಗ ಕೈಯಲ್ಲಿ ಒಂದು ಅಂಕಿ ಸಿಕ್ಕಿತು. ಮೊದಲ ಮೇಲ್‌ನಲ್ಲಿ ಸಿಟ್ಟಿತ್ತೇ ಹೊರತು ಅಂಕಿ ಇರಲಿಲ್ಲ, ಹಾಗಾಗಿ ಸಪ್ಲೈಯರ್ ಉತ್ತರಿಸಬೇಕಾದ ಪ್ರಶ್ನೆಯೂ ಇರಲಿಲ್ಲ.

ತಿದ್ದಿದ ಮೇಲ್ ಹೀಗಿರಬಹುದು:

“ನಮಸ್ಕಾರ ಸರ್. ಮುಂದಿನ ತಿಂಗಳಿಂದ 36 ರೂಪಾಯಿ ಎಂಬ ನಿಮ್ಮ ಪತ್ರ ತಲುಪಿದೆ. ಕಾಗದದ ಬೆಲೆ ಏರಿರುವುದು ನಮಗೂ ತಿಳಿದಿದೆ. ಆದರೆ ನಮ್ಮ ಲೆಕ್ಕದಲ್ಲಿ ಅದು ಬಾಕ್ಸಿಗೆ ಸುಮಾರು 2 ರೂಪಾಯಿ ಆಗುತ್ತದೆ. 36 ರೂಪಾಯಿ ನಮಗೆ ಒಪ್ಪಿಗೆಯಿಲ್ಲ. 34 ರೂಪಾಯಿಯಂತೆ ಆರು ತಿಂಗಳಿಗೆ ದರ ನಿಗದಿಯಾದರೆ ತಿಂಗಳಿಗೆ 8,000 ಬಾಕ್ಸಿನ ಆರ್ಡರನ್ನು ಆ ಅವಧಿಗೆ ಖಚಿತಪಡಿಸುತ್ತೇವೆ. ನಮ್ಮ ಲೆಕ್ಕ ತಪ್ಪಿದ್ದರೆ ನಿಮ್ಮ ಕಾಗದದ ಹಳೆಯ, ಹೊಸ ಬಿಲ್ ತೋರಿಸಿ, ಕೂತು ಮಾತಾಡೋಣ.

ಹಿಂದಿನ ಮೂರು ಲೋಡುಗಳಲ್ಲಿ ಎರಡು ತಡವಾಗಿ ನಮ್ಮ ಪ್ಯಾಕಿಂಗ್ ನಿಂತಿತ್ತು. ವಾರದ ಆರ್ಡರನ್ನು ಐದು ದಿನ ಮುಂಚಿತವಾಗಿ ಕೊಟ್ಟರೆ ಹೊತ್ತಿಗೆ ಕಳಿಸಲು ಆಗುತ್ತದೆಯೇ, ತಿಳಿಸಿ. 15ನೇ ತಾರೀಖಿನೊಳಗೆ ತೀರ್ಮಾನವಾಗದಿದ್ದರೆ ಮುಂದಿನ ತಿಂಗಳ ಅರ್ಧ ಆರ್ಡರನ್ನು ಬೇರೆ ಕಡೆ ಕೊಡಬೇಕಾಗುತ್ತದೆ. ಹಳೆಯ ಬಿಲ್‌ಗಳ ಹಣ ಎಂದಿನಂತೆ ಅದರ ದಿನಕ್ಕೆ ಬರುತ್ತದೆ.”

ಮೇಲ್ ಮೆತ್ತಗಾಗಿಲ್ಲ. “ಒಪ್ಪಿಗೆಯಿಲ್ಲ” ಎಂಬುದು ಹಾಗೇ ಇದೆ, ಗಡುವೂ ಇದೆ. ಬದಲಾದದ್ದೇನೆಂದರೆ, ಪರಿಣಾಮದ ಮಾತು ನಾವು ಮಾಡಲಿರುವ ಕೆಲಸವನ್ನು ಹೇಳುತ್ತದೆ, ಅವರಿಗೆ ಕೊಡುವ ಶಿಕ್ಷೆಯನ್ನಲ್ಲ. ಅದೂ ಒಮ್ಮೆ ಮಾತ್ರ ಬರುತ್ತದೆ. ಎರಡನೇ ಸಲ ಬರೆದರೆ ಮತ್ತೆ ಬೆದರಿಕೆಯಂತೆ ಕೇಳಿಸುತ್ತದೆ. ಬೇರೆ ಕಡೆ ಕೊಟೇಶನ್ ತರಿಸಿಕೊಳ್ಳದವರು ಆ ವಾಕ್ಯವನ್ನು ಬರೆಯಲೇಬಾರದು. 15 ಕಳೆದು ಏನೂ ಆಗದಿದ್ದರೆ ಮುಂದಿನ ಯಾವ ಗಡುವಿಗೂ ಬೆಲೆಯಿರದು.

ಉಲ್ಟಾ ತಪ್ಪೂ ನಡೆಯುತ್ತದೆ. ಒರಟುತನ ತೆಗೆಯಲು ಹೋಗಿ “ಸಾಧ್ಯವಾದರೆ ಸ್ವಲ್ಪ ನೋಡಿ” ಎಂದು ಬರೆದುಬಿಡುತ್ತಾರೆ. ಅದಕ್ಕೆ “ಸಾಧ್ಯವಿಲ್ಲ” ಎಂಬ ಒಂದೇ ಪದದ ಉತ್ತರ ಸಾಕು. ನಯ ನಮಸ್ಕಾರದಲ್ಲಿರಲಿ, ಅಂಕಿ ಮತ್ತು ತಾರೀಖಿನಲ್ಲಿ ಬೇಡ.

ಇಂಥ ಮೇಲ್ ಕಳಿಸುವ ಮುನ್ನ ಸಪ್ಲೈಯರಿಗೆ ಒಂದು ಫೋನ್ ಮಾಡಿ, ವಿಷಯ ಬಾಯಲ್ಲೇ ಹೇಳಿ. 34 ರೂಪಾಯಿಗೆ ಒಪ್ಪಿದರೆ ಹೊಸ ದರ, ಅವಧಿ, ಡೆಲಿವರಿ ದಿನ ಮೂರನ್ನೂ ಪರ್ಚೇಸ್ ಆರ್ಡರಿನಲ್ಲಿ ಬರೆಸಿ ಸಹಿ ಪಡೆಯಿರಿ.