ಮೆಣಸಿನ ಗಿಡದ ಹಳದಿ ಎಲೆ: ಎಪ್ಸಮ್ ಉಪ್ಪಿನ ಕೆಲಸ ಎಷ್ಟು?

ಬೆಂಗಳೂರಿನ ತಾರಸಿ ತೋಟಗಳಲ್ಲಿ ಮೆಣಸಿನಕಾಯಿ ಗಿಡ ಚೆನ್ನಾಗಿ ಕಾಯಿ ಹಿಡಿಯುವ ಹೊತ್ತಿಗೇ ಒಂದು ತಕರಾರು ಶುರುವಾಗುತ್ತದೆ. ಕುಡಿ ಹಸಿರಾಗಿರುತ್ತದೆ, ಹೂವೂ ಬಿಡುತ್ತಿರುತ್ತದೆ. ಬುಡದ ಕಡೆಯ ಎಲೆಗಳು ಮಾತ್ರ ಹಳದಿಗೆ ತಿರುಗುತ್ತವೆ. ಅಂಥದ್ದೊಂದು ಎಲೆ ಕಿತ್ತು ಬೆಳಕಿಗೆ ಹಿಡಿದರೆ ಹಳದಿ ಎಲ್ಲೆಡೆ ಹರಡಿಲ್ಲ ಎಂಬುದು ಗೊತ್ತಾಗುತ್ತದೆ. ನಡುನರ ಮತ್ತು ಅದರಿಂದ ಕವಲೊಡೆದ ನರಗಳು ಹಸಿರಾಗಿಯೇ ಇದ್ದು, ಅವುಗಳ ನಡುವಿನ ಜಾಗವಷ್ಟೇ ಬಣ್ಣ ಕಳೆದುಕೊಂಡಿರುತ್ತದೆ. ಹಳದಿ ಎಲೆಯ ಮೇಲೆ ಹಸಿರು ಮೀನಿನ ಮುಳ್ಳು ಬರೆದಂತೆ.

ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಎಪ್ಸಮ್ ಸಾಲ್ಟ್ ಹೊಡೆಯಿರಿ. ಇಂಗ್ಲೆಂಡಿನ ಎಪ್ಸಮ್ ಊರಿನ ಬುಗ್ಗೆಯ ನೀರಿನಿಂದ ಹೆಸರು ಪಡೆದ ಈ ಉಪ್ಪು ಬೇರೇನೂ ಅಲ್ಲ, ಮೆಗ್ನೀಸಿಯಂ ಸಲ್ಫೇಟ್. ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ, ಔಷಧದ ಅಂಗಡಿಯಲ್ಲೂ ಸಿಗುತ್ತದೆ. ಸಲಹೆ ಪೂರ್ತಿ ತಪ್ಪೇನಲ್ಲ. ಆದರೆ ಅದು ಫಲಿಸುವುದು ಹಳದಿಗೆ ಮೆಗ್ನೀಸಿಯಂ ಕೊರತೆಯೇ ಕಾರಣವಾಗಿದ್ದಾಗ ಮಾತ್ರ, ಅದೂ ಒಂದು ಮಿತಿಯಲ್ಲಿ.

ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನ ಪ್ರತಿ ಅಣುವಿನ ನಟ್ಟನಡುವೆ ಒಂದು ಮೆಗ್ನೀಸಿಯಂ ಪರಮಾಣು ಕೂತಿರುತ್ತದೆ. ಬೇರಿನಿಂದ ಸಾಕಷ್ಟು ಬರದಿದ್ದಾಗ ಗಿಡ ತನ್ನ ಹಳೆಯ ಎಲೆಗಳಲ್ಲಿರುವ ಮೆಗ್ನೀಸಿಯಂ ಅನ್ನೇ ಹಿಂದಕ್ಕೆ ಎಳೆದುಕೊಂಡು ಚಿಗುರಿಗೂ ಕಾಯಿಗೂ ಕಳಿಸುತ್ತದೆ. ಹಾಗಾಗಿ ಕೊರತೆ ಮೊದಲು ಕಾಣುವುದು ಕೆಳಗೆ, ಅದೂ ಕಾಯಿ ತುಂಬುವ ಕಾಲದಲ್ಲಿ. ಕಬ್ಬಿಣದ ಸ್ವಭಾವ ಇದಕ್ಕೆ ತದ್ವಿರುದ್ಧ. ಹಳೆ ಎಲೆಯಲ್ಲಿ ಸೇರಿಕೊಂಡ ಕಬ್ಬಿಣ ಸುಲಭಕ್ಕೆ ಜಾಗ ಬಿಟ್ಟು ಕದಲುವುದಿಲ್ಲ. ಅದರ ಕೊರತೆಯಾದರೆ ಇದೇ ಬಗೆಯ ಹಸಿರು ನರದ ಹಳದಿ ತುದಿಯ ಎಳೆ ಎಲೆಗಳಲ್ಲಿ ಬರುತ್ತದೆ. ಅಂಥ ಗಿಡಕ್ಕೆ ಎಪ್ಸಮ್ ಎಷ್ಟು ಹೊಡೆದರೂ ದಂಡ.

ಕೆಳಗಿನ ಎಲೆಯೇ ಹಳದಿಯಾದರೂ ಆರೋಪಿ ಬೇರೆ ಇರಬಹುದು. ನರವೂ ಸೇರಿ ಇಡೀ ಎಲೆ ಒಂದೇ ಸಮ ಬಿಳಿಚಿಕೊಂಡಿದ್ದರೆ ಅದು ಸಾರಜನಕದ ಕೊರತೆ. ಅಂಚು ಸುಟ್ಟಂತಾಗಿ ಒಳಮುಖವಾಗಿ ಒಣಗುತ್ತಿದ್ದರೆ ಪೊಟ್ಯಾಶ್ ಕಡೆ ನೋಡಬೇಕು. ಸೂಜಿಮೊನೆಯಷ್ಟು ಸಣ್ಣ ಹಳದಿ ಚುಕ್ಕೆಗಳಿದ್ದರೆ ಎಲೆ ಮಗುಚಿ ಭೂತಗನ್ನಡಿ ಹಿಡಿಯಬೇಕು. ಬಲೆ ನೇಯುವ ನುಸಿ ಅಲ್ಲಿ ಓಡಾಡುತ್ತಿರುತ್ತದೆ. ತೀರಾ ಬುಡದ ಎರಡು ಮೂರು ಎಲೆಗಳು ಹಣ್ಣಾಗಿ ಉದುರಿದರೆ ಅದು ವಯಸ್ಸಷ್ಟೇ, ರೋಗವಲ್ಲ.

ಇಷ್ಟನ್ನೂ ದಾಟಿ ಮೆಗ್ನೀಸಿಯಂ ಕೊರತೆಯೇ ಎಂದು ತೋರಿದರೆ, ಅದು ಯಾಕೆ ಬಂತು ಎನ್ನುವುದು ಮುಂದಿನ ಪ್ರಶ್ನೆ. ತಾರಸಿಯ ಗ್ರೋ ಬ್ಯಾಗಿನಲ್ಲಿ ಉತ್ತರ ಬಹುಪಾಲು ಚೀಲದೊಳಗೇ ಇರುತ್ತದೆ. ಭಾರ ಕಡಿಮೆ ಮಾಡಲು ಅರ್ಧಕ್ಕರ್ಧ ಕೋಕೋಪಿಟ್ ತುಂಬಿಸುವುದು ರೂಢಿ. ತೆಂಗಿನ ನಾರಿನ ಈ ಪುಡಿಯಲ್ಲಿ ಪೊಟ್ಯಾಶ್ ಮೊದಲೇ ಜಾಸ್ತಿ. ಜೊತೆಗೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತನ್ನಲ್ಲಿ ಹಿಡಿದಿಟ್ಟುಕೊಂಡು ಪೊಟ್ಯಾಶ್ ಬಿಟ್ಟುಕೊಡುತ್ತದೆ. ಅದರ ಮೇಲೆ ಕಾಯಿ ಚೆನ್ನಾಗಿ ಬರಲೆಂದು ವಾರವಾರ 19:19:19 ಗೊಬ್ಬರ, ನಡುವೆ ಬಾಳೆಹಣ್ಣಿನ ಸಿಪ್ಪೆಯ ನೀರು. ಗೊಬ್ಬರದ ಹೆಸರಿನ ಮೂರು ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಶಿನವು. ಮೆಗ್ನೀಸಿಯಂನ ಸುದ್ದಿಯೇ ಅಲ್ಲಿಲ್ಲ. ಬೇರಿನ ಬಾಗಿಲಲ್ಲಿ ಪೊಟ್ಯಾಶ್ ನುಗ್ಗಾಟ ಹೆಚ್ಚಾದಷ್ಟೂ ಮೆಗ್ನೀಸಿಯಂ ಹಿಂದೆ ಬೀಳುತ್ತದೆ. ಮಳೆನೀರು ಅಥವಾ ಆರ್‌ಒ ಶುದ್ಧೀಕರಿಸಿದ ನೀರನ್ನೇ ಹಾಕುವವರ ಗಿಡಕ್ಕೆ ನೀರಿನಿಂದ ಸಿಗುವ ಚೂರೂ ಇಲ್ಲ. ಗಡಸು ಬೋರ್‌ವೆಲ್ ನೀರಿನಲ್ಲಾದರೆ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಒಂದಿಷ್ಟು ಬಂದಿರುತ್ತದೆ. ಪಾತ್ರೆಗೆ ಬಿಳಿ ಕರೆ ಕಟ್ಟಿಸಿ ಬೈಸಿಕೊಳ್ಳುವ ನೀರು ಈ ಒಂದು ವಿಷಯದಲ್ಲಿ ಮೇಲು.

ಈಗ ಲೆಕ್ಕಕ್ಕೆ ಬರೋಣ. ಎಪ್ಸಮ್ ಉಪ್ಪಿನ ತೂಕದಲ್ಲಿ ಮೆಗ್ನೀಸಿಯಂ ಸುಮಾರು ಹತ್ತನೇ ಒಂದು ಪಾಲು. ಲೀಟರ್ ನೀರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮಟ್ಟಸವಾಗಿ ಕರಗಿಸಿದರೆ ಅದರಲ್ಲಿ ಮೆಗ್ನೀಸಿಯಂ ಅರ್ಧ ಗ್ರಾಂ. ಒಂದು ಗಿಡ ನೆನೆಯಲು 50 ಮಿಲಿಲೀಟರ್ ಸಾಕೆಂದುಕೊಂಡರೆ ಎಲೆಯ ಮೇಲೆ ಬಿದ್ದದ್ದು 25 ಮಿಲಿಗ್ರಾಂ. ಒಣಗಿಸಿದರೆ 50 ಗ್ರಾಂ ತೂಗುವ ಗಿಡದ ಮೈಯಲ್ಲಿ ಶೇಕಡ 0.4ರಷ್ಟಾದರೂ ಮೆಗ್ನೀಸಿಯಂ ಇರಬೇಕೆಂದು ಹಿಡಿದರೂ ಅದು 200 ಮಿಲಿಗ್ರಾಂ ಆಯಿತು. ಬಿದ್ದದ್ದೆಲ್ಲ ಎಲೆಯೊಳಗೆ ಇಳಿಯುವುದೂ ಇಲ್ಲ. ಸಿಂಪಡಣೆ ತುರ್ತಿಗೆ ಆಗುತ್ತದೆ, ಹೊಟ್ಟೆ ತುಂಬಿಸುವುದಿಲ್ಲ.

ಆದ್ದರಿಂದ ಎಲೆಗೂ ಬುಡಕ್ಕೂ ಎರಡಕ್ಕೂ ಕೊಡುವುದು ಸರಿಯಾದ ದಾರಿ. ಇದೇ ದ್ರಾವಣವನ್ನು ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಬದಿಗೆ ತೆಳ್ಳಗೆ ಸಿಂಪಡಿಸಿ, ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬಹುದು. ಬುಡಕ್ಕಾದರೆ ಲೀಟರಿಗೆ 1 ಗ್ರಾಂ ಕರಗಿಸಿ, ಗಿಡಕ್ಕೆ ಒಂದು ಲೀಟರಿನಂತೆ ವಾರಕ್ಕೊಮ್ಮೆ, ಮೂರು ನಾಲ್ಕು ವಾರ. ಈ ಹೊತ್ತಿನಲ್ಲಿ 19:19:19 ನಿಲ್ಲಿಸಬೇಕು. ಇಲ್ಲದಿದ್ದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದಂತೆ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಎಪ್ಸಮ್ ಅನ್ನು ಗಟ್ಟಿಯಾಗಿ ಕಲಸಿದರೆ ತಳದಲ್ಲಿ ಜಿಪ್ಸಂ ಕೂರುತ್ತದೆ. ಅವೆರಡನ್ನು ಬೇರೆ ಬೇರೆ ದಿನ ಕೊಡುವುದೇ ಲೇಸು.

ಫಲ ಸಿಕ್ಕಿತೇ ಎಂದು ತಿಳಿಯುವಲ್ಲಿ ಹೆಚ್ಚಿನವರು ಎಡವುತ್ತಾರೆ. ಹಳದಿ ಎಲೆಯನ್ನೇ ನೋಡುತ್ತಾ ಕೂರುತ್ತಾರೆ. ಆಗಷ್ಟೇ ಬಣ್ಣ ಕುಂದಿದ ಎಲೆ ಸ್ವಲ್ಪ ಹಸಿರಾಗಬಹುದು. ಪೂರ್ತಿ ಹಳದಿಯಾಗಿ ಕಂದು ಮಚ್ಚೆ ಬಿದ್ದ ಭಾಗ ಮಾತ್ರ ಮರಳಿ ಬರುವುದಿಲ್ಲ, ಅಲ್ಲಿನ ಜೀವಕೋಶಗಳೇ ಸತ್ತಿರುತ್ತವೆ. ನೋಡಬೇಕಾದದ್ದು ಹಳದಿ ಮೇಲಕ್ಕೆ ಏರುತ್ತಿದೆಯೇ, ನಿಂತಿದೆಯೇ ಎಂಬುದನ್ನು. ಹಳದಿ ಮುಗಿದು ಹಸಿರು ಶುರುವಾಗುವ ಗೆಣ್ಣಿಗೆ ಒಂದು ದಾರ ಕಟ್ಟಿದರೆ ಸಾಕು. ಒಂದೇ ತರಹ ಹಳದಿಯಾದ ನಾಲ್ಕು ಗಿಡಗಳಿದ್ದರೆ ಎರಡಕ್ಕೆ ಉಪ್ಪು ಕೊಟ್ಟು, ಉಳಿದೆರಡಕ್ಕೆ ಬರಿ ನೀರು ಹೊಡೆದು, ನಾಲ್ಕಕ್ಕೂ ದಾರ ಕಟ್ಟಬೇಕು. ಗೊಬ್ಬರ ನಿಲ್ಲಿಸಿದ್ದು ನಾಲ್ಕಕ್ಕೂ ಒಂದೇ ಆಗಿರಬೇಕು. ಮೂರು ವಾರದಲ್ಲಿ ಉಪ್ಪು ಕುಡಿದ ಗಿಡಗಳಲ್ಲಿ ಹಳದಿ ದಾರ ದಾಟದೆ, ಉಳಿದವುಗಳಲ್ಲಿ ದಾಟಿದರೆ ಕೆಲಸ ಮಾಡಿದ್ದು ಉಪ್ಪೇ. ನಾಲ್ಕರಲ್ಲೂ ನಿಂತಿದ್ದರೆ ಶ್ರೇಯ ಗೊಬ್ಬರ ಬಿಟ್ಟದ್ದಕ್ಕೋ ಹವೆ ಬದಲಾದದ್ದಕ್ಕೋ ಸಲ್ಲಬೇಕು.

ಹೊಲದ ಲೆಕ್ಕ ಬೇರೆ. ಬ್ಯಾಡಗಿ ಸೀಮೆಯಂಥ ಕಪ್ಪು ಮಣ್ಣಿನಲ್ಲಿ ಮೆಗ್ನೀಸಿಯಂಗೆ ಸಾಮಾನ್ಯವಾಗಿ ಬರವಿಲ್ಲ. ಮಳೆ ತೊಳೆದು ಹುಳಿಯಾದ ಕರಾವಳಿಯ ಮಣ್ಣು, ಮರಳು ಹೆಚ್ಚಿರುವ ಕೆಂಪು ಮಣ್ಣುಗಳಲ್ಲಿ ಕೊರತೆ ಸಹಜ. ಹುಳಿ ಮಣ್ಣಿಗೆ ಎಪ್ಸಮ್‌ಗಿಂತ ಡೋಲೊಮೈಟ್ ಸುಣ್ಣ ಹೊಂದುತ್ತದೆ. ಹುಳಿಯನ್ನೂ ತಗ್ಗಿಸುತ್ತದೆ, ಮೆಗ್ನೀಸಿಯಂ ಅನ್ನೂ ನಿಧಾನವಾಗಿ ಬಿಡುತ್ತದೆ. ಎಷ್ಟು ಹಾಕಬೇಕೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು.

ಕೊರತೆ ಇಲ್ಲದ ಗಿಡಕ್ಕೆ, ಇರಲಿ ಎಂದು ತಿಂಗಳು ತಿಂಗಳೂ ಚಮಚ ಸುರಿಯುವ ಅಭ್ಯಾಸ ಮಾತ್ರ ಬಿಡಬೇಕು. ಹೆಚ್ಚಾದ ಮೆಗ್ನೀಸಿಯಂ ಕ್ಯಾಲ್ಸಿಯಂಗೆ ಅಡ್ಡ ಬಂದು, ಕಾಯಿಯ ತುದಿ ಕಪ್ಪಾಗಿ ಕೊಳೆಯುವ ತೊಂದರೆಯನ್ನು ಹೆಚ್ಚಿಸುತ್ತದೆ. ಎರಡು ಸಿಂಪಡಣೆ, ನಾಲ್ಕು ವಾರದ ಬುಡದ ನೀರು ಕೊಟ್ಟ ಮೇಲೂ ಹಳದಿ ಏರುತ್ತಲೇ ಇದ್ದರೆ ಉಪ್ಪಿನ ಪೊಟ್ಟಣ ಕಟ್ಟಿಡಿ. ಚೀಲದ ತಳದ ತೂತು ಕಟ್ಟಿದೆಯೇ, ಬೇರು ಕಂದಾಗಿ ಮೆತ್ತಗಾಗಿದೆಯೇ ನೋಡಿ. ನೀರು ನಿಂತು ಕೊಳೆತ ಬೇರಿಗೆ ಯಾವ ಉಪ್ಪನ್ನೂ ಮೇಲಕ್ಕೆ ಕಳಿಸುವ ಶಕ್ತಿ ಇರುವುದಿಲ್ಲ.